ತಿಂಗಳಿಗೆ ಎರಡೇ ಇಮೇಲ್

ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವ, ಮೂರ್ನಾಲ್ಕು ಜನರ ಸಲಹಾ ಕಚೇರಿಯೊಂದು ಇಮೇಲ್ ಸುದ್ದಿಪತ್ರಕ್ಕೆ ಹೆಸರು ಕೊಡಿ ಎಂದು ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಹಾಕುತ್ತದೆ ಎನ್ನಿ. ಚಿತ್ರದ ಕೆಳಗೆ ಸಾಮಾನ್ಯವಾಗಿ ಕಾಣುವ ಬರಹ: 'ಉಪಯುಕ್ತ ಮಾಹಿತಿಗಾಗಿ ಇಂದೇ ಸಬ್‌ಸ್ಕ್ರೈಬ್ ಆಗಿ!' ಏನು ಮಾಹಿತಿ, ಎಷ್ಟು ಸಲ? ಅಂಗಡಿಯವರಿಗೆ ಬೇಕಾದದ್ದು ಅಷ್ಟೇ, ಅದೇ ಅಲ್ಲಿಲ್ಲ.

ಉತ್ತರ ಅವರ ಕ್ಯಾಲೆಂಡರ್‌ನಲ್ಲೇ ಇದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ವ್ಯಾಪಾರಿ ಹಿಂದಿನ ತಿಂಗಳ ಮಾರಾಟದ ವಿವರವನ್ನು, ಅಂದರೆ ಜಿಎಸ್‌ಟಿಆರ್-1 ಅನ್ನು, 11ನೇ ತಾರೀಖಿನೊಳಗೆ ಕೊಡಬೇಕು. 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಪಟ್ಟಿ ಬರುತ್ತದೆ. ಸರಕು ಮಾರಿದವರು ನಮ್ಮ ಬಿಲ್ ತೋರಿಸಿದ್ದಾರೋ ಇಲ್ಲವೋ ಎಂಬುದು ಅದರಲ್ಲಿ ತಿಳಿಯುತ್ತದೆ. ತೋರಿಸದಿದ್ದರೆ ಆ ಬಿಲ್ಲಿನ ತೆರಿಗೆಯನ್ನು ಈ ತಿಂಗಳು ಕಳೆದುಕೊಳ್ಳುವಂತಿಲ್ಲ. 20ರೊಳಗೆ 3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಹಾಗಾಗಿ 8ಕ್ಕೊಂದು, 16ಕ್ಕೊಂದು ಪತ್ರ ಸಾಕು. ಮೊದಲನೆಯದು ಮಾರಾಟದ ಬಿಲ್ ಜೋಡಿಸಿಕೊಳ್ಳಲು, ಎರಡನೆಯದು ಖರೀದಿ ಬಿಲ್‌ಗಳನ್ನು 2ಬಿ ಜೊತೆ ತಾಳೆ ನೋಡಲು. ವಾರಕ್ಕೊಂದು ಕಳಿಸಿದರೆ ಉಳಿದವುಗಳಲ್ಲಿ ಬರೆಯುವುದಕ್ಕೇ ಏನೂ ಇರುವುದಿಲ್ಲ.

ಇನ್ನು ಬರಹ. ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರಗಳವರೆಗೆ ಬರೆಯಲು ಜಾಗವಿದ್ದರೂ ಮೊದಲ ಒಂದೆರಡು ಸಾಲಷ್ಟೇ ಕಾಣುತ್ತದೆ. ಉಳಿದದ್ದನ್ನು ಓದಲು ಒತ್ತಬೇಕು, ಹೆಚ್ಚಿನವರು ಒತ್ತುವುದಿಲ್ಲ. ಆದ್ದರಿಂದ ಲೆಕ್ಕವನ್ನು ಮೊದಲೇ ಹೇಳಿಬಿಡಬೇಕು:

'ತಿಂಗಳಿಗೆ ಎರಡೇ ಇಮೇಲ್, 8ಕ್ಕೆ ಮತ್ತು 16ಕ್ಕೆ. ಜಿಎಸ್‌ಟಿ ಕೊನೇ ದಿನಕ್ಕೆ ಮೊದಲು ಏನೇನು ನೋಡಿಕೊಳ್ಳಬೇಕು ಎಂಬ ಪಟ್ಟಿ, ಕನ್ನಡದಲ್ಲಿ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ. ಉಚಿತ. ಬೇಡವೆನಿಸಿದರೆ ಪತ್ರದ ಕೆಳಗಿನ ಕೊಂಡಿ ಒತ್ತಿ ಬಿಡಬಹುದು. ಹೆಸರು ಕೊಡಲು ನಮ್ಮ ಪ್ರೊಫೈಲ್‌ನ ಲಿಂಕ್ ನೋಡಿ.'

'ಪ್ರತಿ ತಿಂಗಳು' ಎಂಬ ಮಾತನ್ನು ಕೈಬಿಡುವ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ತಾರೀಖುಗಳೇ ಬೇರೆ, ಅವರು ಸೇರಿಕೊಂಡರೆ ಗೊಂದಲ. ಪ್ರೊಫೈಲ್ ಎಂದು ಹೇಳಲೂ ಕಾರಣವಿದೆ: ಚಿತ್ರದ ಕೆಳಗೆ ಬರೆದ ಲಿಂಕ್ ಒತ್ತಿದರೆ ಸಾಮಾನ್ಯವಾಗಿ ತೆರೆಯುವುದಿಲ್ಲ.

ಕೆಡುವುದು ಆಮೇಲೆ. ಎರಡು ಎಂದವರು ದೀಪಾವಳಿ ಶುಭಾಶಯ, ರಿಯಾಯಿತಿ, ಹೊಸ ಸೇವೆ ಎಂದು ಐದು ಕಳಿಸುತ್ತಾರೆ. ಬೇಸತ್ತವರು ಬಿಡುವ ಕೊಂಡಿ ಹುಡುಕದೆ 'ಸ್ಪ್ಯಾಮ್' ಒತ್ತುತ್ತಾರೆ. ಈ ದೂರು ಸಾವಿರಕ್ಕೆ ಮೂರು ಮುಟ್ಟಬಾರದು ಎನ್ನುತ್ತದೆ ಜಿಮೇಲ್. ಮೀರಿದರೆ, ನಿಜವಾಗಿ ಬೇಕೆಂದವರಿಗೂ 16ನೇ ತಾರೀಖಿನ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ತೆರಿಗೆ ಬಾಕಿಯಿದ್ದರೆ ಬಡ್ಡಿ ಬೇರೆ. ಅದನ್ನು ಕಟ್ಟುವವರು ಕಚೇರಿಯವರಲ್ಲ, ಅವರ ಪತ್ರ ನಂಬಿ ಕೂತ ಅಂಗಡಿಯವರು.