ಗಲಗಲ ಎನ್ನುವ ಡಬ್ಬ

ದಾವಣಗೆರೆಯಲ್ಲಿ ನನ್ನ ಸೋದರಮಾವನದು ಪಿಂಗಾಣಿ ಸಾಮಾನಿನ ಅಂಗಡಿ. ಕಾಫಿ ಮಗ್ಗುಗಳು ಅವರಿಗೆ ಉತ್ತರ ಪ್ರದೇಶದ ಖುರ್ಜಾದಿಂದ ಬರುತ್ತವೆ. ಪಿಂಗಾಣಿಗೆ ಹೆಸರಾದ ಊರದು. ಒಂದು ಲೋಡಿಗೆ ಇಪ್ಪತ್ತು ಡಬ್ಬ, ಡಬ್ಬಕ್ಕೆ 48 ಮಗ್ಗು. ಮೂರನೆಯ ಲೋಡು ಬಂದ ದಿನ ನಾನು ಅಲ್ಲೇ ಇದ್ದೆ. ಅಂಗಡಿಯ ಹುಡುಗ ಒಂದು ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಸಾವ್ಕಾರ್ರೆ, ಇದೂ ಗಲಗಲ ಅಂತೈತಿ" ಎಂದ.

ಮೊದಲ ಲೋಡಿನಲ್ಲಿ 61 ಮಗ್ಗು ಒಡೆದಿದ್ದವು, ಎರಡನೆಯದರಲ್ಲಿ 84. ಎರಡು ಸಲವೂ ಮಾವ ಫೋನು ಮಾಡಿ, ಗಟ್ಟಿ ಡಬ್ಬದಲ್ಲಿ ಕಳಿಸಿ ಎಂದಿದ್ದರು. ಎರಡು ಸಲವೂ ಬಂದದ್ದು ಅದೇ ಡಬ್ಬ, ಮೇಲೆ ಒಂದು ಸುತ್ತು ಟೇಪು ಹೆಚ್ಚಿಗೆ. ಲಾರಿಯವರು ಎಸೆದಾಡುತ್ತಾರೆ, ನಾವೇನು ಮಾಡೋಣ ಎನ್ನುವುದು ಆ ಕಡೆಯ ಉತ್ತರ. ಅದರಲ್ಲಿ ಸುಳ್ಳೇನೂ ಇಲ್ಲ. ಪಾರ್ಸೆಲ್ ಲಾರಿಯ ಮಾಲು ಒಂದೇ ಗಾಡಿಯಲ್ಲಿ ಊರು ಸೇರುವುದಿಲ್ಲ. ದಾರಿಯ ಗೋಡೌನುಗಳಲ್ಲಿ ಇಳಿದು ಮತ್ತೆ ಮತ್ತೆ ಬೇರೆ ಗಾಡಿ ಹತ್ತುತ್ತದೆ. ಪ್ರತಿ ಸಲವೂ ಅದು ಹಮಾಲರ ಕೈ ದಾಟಬೇಕು. ಹಾಗೆ ದಾಟುತ್ತದೆಂದು ಗೊತ್ತಿದ್ದೇ ಡಬ್ಬ ಕಟ್ಟಬೇಕಲ್ಲ.

ಮೂರನೆಯ ಸಲ ಮಾವ ಚೂರುಗಳನ್ನು ಗುಡಿಸಲು ಬಿಡಲಿಲ್ಲ. ಡಬ್ಬಗಳಿಗೆ ನಂಬರು ಹಾಕಿ, ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಸಿದರು. ಬಿಚ್ಚಿದ ಮೇಲೆ ಯಾವ ಮಗ್ಗು, ಯಾವ ಸಾಲಿನದು, ಎಲ್ಲಿ ಒಡೆದಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಸಿದರು. ಒಟ್ಟು 78. ಅದರಲ್ಲಿ 46 ಮಗ್ಗುಗಳ ಹಿಡಿಕೆ ಮುರಿದಿತ್ತು, ಅವೆಲ್ಲ ಡಬ್ಬದ ಕೆಳಸಾಲಿನವು. 21 ಮಗ್ಗುಗಳ ಅಂಚು ಚಕ್ಕೆ ಎದ್ದಿತ್ತು. ಉಳಿದ 11 ಎರಡೇ ಡಬ್ಬಗಳಲ್ಲಿದ್ದವು, ಆ ಎರಡೂ ಡಬ್ಬಗಳ ಮೂಲೆ ಜಜ್ಜಿಹೋಗಿತ್ತು.

ಏನು ಕೇಳಬೇಕು ಎಂಬುದನ್ನು ಹೇಳಿಕೊಟ್ಟದ್ದು ಈ ಲೆಕ್ಕವೇ. ಮೂಲೆ ಜಜ್ಜಿದ್ದರೆ ಡಬ್ಬ ಬಿದ್ದಿದೆ ಎಂದರ್ಥ. ಅಂಚಿನ ಚಕ್ಕೆ ಎದ್ದಿದ್ದರೆ ಮಗ್ಗಿಗೆ ಮಗ್ಗು ತಾಗಿದೆ. ನಡುವೆ ತುಂಬಿದ ಹುಲ್ಲು ಲಾರಿಯ ಕುಲುಕಾಟಕ್ಕೆ ತಳಕ್ಕಿಳಿದು ಮೇಲೆ ಜಾಗ ಖಾಲಿಯಾಗುತ್ತದೆ, ಗಲಗಲ ಸದ್ದು ಅಲ್ಲಿಂದಲೇ. ಇನ್ನು ಕೆಳಸಾಲಿನ ಹಿಡಿಕೆಗಳು ಮುರಿದದ್ದು ಭಾರಕ್ಕೆ. ಒಂದು ಡಬ್ಬ ಸುಮಾರು 16 ಕೆ.ಜಿ. ಲಾರಿಯಲ್ಲಿ ಒಂದರ ಮೇಲೊಂದು ಆರು ಪೇರಿಸಿದರೆ ಅಡಿಯ ಡಬ್ಬದ ಮೇಲೆ 80 ಕೆ.ಜಿ. ಕೂರುತ್ತದೆ. ರಸ್ತೆಯ ಉಬ್ಬಿನಲ್ಲಿ ಆ ಹೊರೆ ಒಂದೊಂದು ಸಲವೂ ಕುಟ್ಟಿದಂತಾಗುತ್ತದೆ. ಡಬ್ಬದ ಗೋಡೆ ತಡೆಯದೆ ಬಾಗಿದರೆ ಭಾರ ನೇರ ಮಗ್ಗುಗಳಿಗೇ ಇಳಿಯುತ್ತದೆ.

ಡಬ್ಬದ ತುಂಡೊಂದನ್ನು ಕತ್ತರಿಸಿ ನೋಡಿದೆವು. ಎರಡು ಚಪ್ಪಟೆ ಹಾಳೆ, ನಡುವೆ ಅಲೆಅಲೆಯಾದ ಒಂದು ಹಾಳೆ. ವ್ಯಾಪಾರದವರು ಇದನ್ನು ತ್ರೀ ಪ್ಲೈ ಎನ್ನುತ್ತಾರೆ. ಬಿಸ್ಕತ್ತಿಗೆ, ಬಟ್ಟೆಗೆ ಇದು ಸಾಕು. ಫೈವ್ ಪ್ಲೈನಲ್ಲಿ ಮೂರು ಚಪ್ಪಟೆ ಹಾಳೆಗಳ ನಡುವೆ ಎರಡು ಅಲೆಗಳಿರುತ್ತವೆ. ಆ ಅಲೆಗಳು ಡಬ್ಬದ ಗೋಡೆಯಲ್ಲಿ ಕಂಬಗಳಂತೆ ನೆಟ್ಟಗೆ ನಿಂತಿರಬೇಕು, ಅಡ್ಡ ಮಲಗಿದ್ದರೆ ಎಷ್ಟು ಪದರವಿದ್ದರೂ ಭಾರ ಹೊರುವುದಿಲ್ಲ. ಹೊರೆಯ ಬಹುಪಾಲನ್ನು ಹೊರುವುದು ನಾಲ್ಕು ಮೂಲೆಗಳು. ಅದಕ್ಕೇ ಡಬ್ಬಗಳನ್ನು ಮೂಲೆಗೆ ಮೂಲೆ ಕೂಡಿಸಿ ಪೇರಿಸಬೇಕು. ಇಟ್ಟಿಗೆ ಕಟ್ಟಿದ ಹಾಗೆ ಅರ್ಧರ್ಧ ಸರಿಸಿಟ್ಟರೆ ಒಳ್ಳೆಯ ಡಬ್ಬವೂ ಕುಸಿಯುತ್ತದೆ.

ಇಷ್ಟಾಗುವ ಹೊತ್ತಿಗೆ ನಾಲ್ಕನೆಯ ಲೋಡು ಹಳೆಯ ಡಬ್ಬಗಳಲ್ಲೇ ಪ್ಯಾಕಾಗಿ ಖುರ್ಜಾದ ಗೋಡೌನಿನಲ್ಲಿ ಕೂತಿತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟಿಸಿ ಎಂದು ಕೇಳಬೇಕಿತ್ತು. ಅದು ಸಣ್ಣ ಮಾತಲ್ಲ, ಅವರಿಗೆ ಹೊಸ ಡಬ್ಬದ ಖರ್ಚಿನ ಜೊತೆ ಎರಡನೆಯ ಸಲದ ಕೂಲಿಯೂ ಬೀಳುತ್ತದೆ. ಮಾವ ಈ ಸಲ ಫೋನು ಬಿಟ್ಟು ಪತ್ರ ಬರೆಸಿದರು, ಜೊತೆಗೆ ಫೋಟೊಗಳನ್ನೂ ನೋಟ್‌ಬುಕ್ಕಿನ ಹಾಳೆಯನ್ನೂ ಕಳಿಸಿದರು. ಪತ್ರದ ಸಾರ ಇಷ್ಟು:

"ಮೂರು ಲೋಡುಗಳ 2,880 ಮಗ್ಗುಗಳಲ್ಲಿ 223 ಒಡೆದು ಬಂದಿವೆ. ಸಿದ್ಧವಾಗಿರುವ ಇಪ್ಪತ್ತು ಡಬ್ಬಗಳನ್ನು ದಯವಿಟ್ಟು ಹಾಗೆಯೇ ಕಳಿಸಬೇಡಿ. ಫೈವ್ ಪ್ಲೈ ಡಬ್ಬಕ್ಕೆ 24ರಂತೆ, ಮಗ್ಗಿಗೊಂದು ರಟ್ಟಿನ ಖಾನೆ ಮಾಡಿ, ಎರಡು ಸಾಲುಗಳ ನಡುವೆ ರಟ್ಟಿನ ಹಾಳೆ ಹಾಸಿ ಮತ್ತೆ ಕಟ್ಟಿಸಿ. ಮುಚ್ಚಿದ ಮೇಲೆ ಅಲ್ಲಾಡಿಸಿದರೆ ಸದ್ದು ಬರಬಾರದು. ಮೊದಲು ಒಂದು ಡಬ್ಬ ಕಟ್ಟಿ, ಬೀಳಿಸಿ ನೋಡಿ, ವಿಡಿಯೊ ಕಳಿಸಿ. ಈ ಲೋಡಿನ ಡಬ್ಬದ ಹೆಚ್ಚುವರಿ ಖರ್ಚಿನಲ್ಲಿ ಅರ್ಧ ನಾನು ಕೊಡುತ್ತೇನೆ. ಮುಂದಿನ ಆರ್ಡರುಗಳಿಗೆ ಅದನ್ನು ರೇಟಿನಲ್ಲೇ ಸೇರಿಸಿ. ನೂರಕ್ಕೆ ಒಂದಕ್ಕಿಂತ ಹೆಚ್ಚು ಒಡೆದರೆ ಆ ಹಣ ಮುಂದಿನ ಬಿಲ್ಲಿನಲ್ಲಿ ಕಡಿತವಾಗಲಿ."

ಬೀಳಿಸಿ ನೋಡುವುದಕ್ಕೂ ಕ್ರಮವಿದೆ. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಇಸ್ಟಾ ಪರೀಕ್ಷೆಯಲ್ಲಿ ಹತ್ತು ಕೆ.ಜಿ.ಯೊಳಗಿನ ಡಬ್ಬವನ್ನು 76 ಸೆಂ.ಮೀ. ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ: ಒಂದು ಮೂಲೆಯ ಮೇಲೆ, ಮೂರು ಅಂಚುಗಳ ಮೇಲೆ, ಆರು ಮುಖಗಳ ಮೇಲೆ. ಹತ್ತರಿಂದ ಹತ್ತೊಂಬತ್ತು ಕೆ.ಜಿ.ಯದಕ್ಕೆ ಎತ್ತರ 61 ಸೆಂ.ಮೀ. ಸಾಕು. ಹಗುರ ಡಬ್ಬಕ್ಕೆ ಹೆಚ್ಚು ಎತ್ತರವೇಕೆಂದರೆ, ಭಾರದ್ದನ್ನು ಜನ ಇಳಿಸುತ್ತಾರೆ, ಹಗುರದ್ದನ್ನು ಎಸೆಯುತ್ತಾರೆ.

ಅರ್ಧ ಖರ್ಚು ಕೊಡುತ್ತೇನೆ ಎಂದದ್ದು ಸೋತಂತಲ್ಲವೇ ಎಂದು ನಾನು ಕೇಳಿದೆ. ಮಾವ ಲೆಕ್ಕ ತೋರಿಸಿದರು. ಮಗ್ಗಿನ ರೇಟು 55 ರೂಪಾಯಿ. ಹಳೆಯ ಡಬ್ಬವೊಂದರಲ್ಲಿ ಸರಾಸರಿ ಒಡೆಯುತ್ತಿದ್ದದ್ದು ನಾಲ್ಕಕ್ಕೆ ಸ್ವಲ್ಪ ಕಡಿಮೆ, ಅಂದರೆ ಇನ್ನೂರು ರೂಪಾಯಿ ನಷ್ಟ. ಅದೇ 48 ಮಗ್ಗುಗಳನ್ನು ಎರಡು ಹೊಸ ಡಬ್ಬಗಳಲ್ಲಿ ಹಾಕಿದರೆ ಡಬ್ಬ, ಖಾನೆ, ಹೆಚ್ಚುವ ಬಾಡಿಗೆ ಎಲ್ಲ ಸೇರಿ ಬೀಳುವ ಹೆಚ್ಚುವರಿ ಖರ್ಚು 95 ರೂಪಾಯಿ. ಅದನ್ನು ಪೂರ್ತಿ ತಾವೇ ಕೊಟ್ಟರೂ ಲಾಭವೇ.

ಕಾನೂನಿನ ದಾರಿಯನ್ನೂ ಅವರು ವಿಚಾರಿಸಿದ್ದರು. ಬೇರೆ ಒಪ್ಪಂದವಿಲ್ಲದಿದ್ದರೆ, ಮಾರಾಟಗಾರ ಆರ್ಡರಿನಂತೆ ಮಾಲನ್ನು ಸಾಗಣೆದಾರನಿಗೆ ಒಪ್ಪಿಸಿದ ಮೇಲೆ ಅದರ ಒಡೆತನವೂ ಅಪಾಯವೂ ಸಾಮಾನ್ಯವಾಗಿ ಕೊಂಡವನದೇ ಎನ್ನುತ್ತದೆ 1930ರ ಸರಕು ಮಾರಾಟ ಕಾಯಿದೆ. ನೂರಕ್ಕೆ ಒಂದು ಎಂಬ ಮಾತನ್ನು ಬರಹದಲ್ಲಿ ಒಪ್ಪಿಸಿಕೊಂಡದ್ದು ಇದಕ್ಕೇ. ಲಾರಿ ಕಂಪನಿಯ ಮೇಲೆ ದಾವೆ ಹೂಡಬೇಕಾದರೆ, 2007ರ ರಸ್ತೆ ಸಾಗಣೆ ಕಾಯಿದೆಯಂತೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಬರಹದಲ್ಲಿ ನೋಟಿಸು ಕೊಟ್ಟಿರಬೇಕು. ಡಬ್ಬ ಜಜ್ಜಿದ್ದರೆ ಮಾಲು ಬಿಡಿಸಿಕೊಳ್ಳುವಾಗಲೇ ರಸೀದಿಯ ಮೇಲೆ ಹಾಗೆಂದು ಬರೆದು ಸಹಿ ಮಾಡುವುದು ಕ್ಷೇಮ. ಆದರೆ ಪ್ಯಾಕಿಂಗೇ ಸಾಲದಾಗಿತ್ತು ಎಂದು ಅವರು ವಾದಿಸುತ್ತಾರೆ. ಸಾಗಣೆ ವಿಮೆಯ ಷರತ್ತುಗಳಲ್ಲೂ ಸಾಲದ ಪ್ಯಾಕಿಂಗಿನಿಂದಾದ ನಷ್ಟವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ತಿರುಗಾಡಿ ಎಲ್ಲವೂ ಡಬ್ಬಕ್ಕೇ ಬಂದು ನಿಲ್ಲುತ್ತದೆ.

ಪತ್ರ ಮುಟ್ಟಿದ ಮೇಲೆ ಖುರ್ಜಾದವರು ವಾದಿಸಲಿಲ್ಲ. ತಮ್ಮದೇ ಡಬ್ಬಗಳ ಫೋಟೊ ಕಣ್ಣೆದುರು ಇದ್ದುದರಿಂದಲೇ ಎಂದು ನನಗನ್ನಿಸುತ್ತದೆ. ಖಾನೆ ಕತ್ತರಿಸಿ ತರಿಸಲು ಹನ್ನೆರಡು ದಿನ ಕೇಳಿದರು. ಮೊದಲ ವಿಡಿಯೊದಲ್ಲಿ ಮೂಲೆಯ ಮೇಲೆ ಬಿದ್ದ ಡಬ್ಬದಲ್ಲಿ ಎರಡು ಮಗ್ಗು ಒಡೆದವು. ಖಾನೆಯ ರಟ್ಟು ಮಗ್ಗಿಗಿಂತ ಗಿಡ್ಡವಾಗಿತ್ತು. ಅದನ್ನು ಮಗ್ಗಿಗಿಂತ ತುಸು ಎತ್ತರ ಮಾಡಿಸಿ ಮತ್ತೆ ಬೀಳಿಸಿದಾಗ ಒಂದೂ ಒಡೆಯಲಿಲ್ಲ.

ನಾಲ್ಕನೆಯ ಲೋಡು ನಲವತ್ತು ಡಬ್ಬಗಳಲ್ಲಿ ಬಂತು. 960 ಮಗ್ಗುಗಳಲ್ಲಿ ಒಡೆದದ್ದು 9.

ಒಂದು ಮಾತು ಇನ್ನೂ ಬಾಕಿ ಇದೆ. ಈ ಲೋಡು ಬಂದದ್ದು ಬೇಸಿಗೆಯಲ್ಲಿ. ಮಳೆಗಾಲದ ತೇವ ಹೀರಿದ ರಟ್ಟು ಭಾರ ಹೊರುವ ಶಕ್ತಿಯಲ್ಲಿ ಸುಮಾರು ಅರ್ಧವನ್ನು ಕಳೆದುಕೊಳ್ಳಬಹುದು. ಜುಲೈ ಆರ್ಡರಿನ ಚೀಟಿಯಲ್ಲಿ ಮಾವ ಈಗಾಗಲೇ ಎರಡು ಸಾಲು ಸೇರಿಸಿದ್ದಾರೆ: ಹುಲ್ಲು ಬೇಡವೇ ಬೇಡ, ಡಬ್ಬಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇಕು.