ಒಗ್ಗರಣೆ ಹಾಕುವ ಮನೆಗೆ ಬಾಗಿಲಿಲ್ಲದ ಶೆಲ್ಫ್ ಹೊಂದೀತೆ?

ಹಾಲ್‌ನ ಟೀವಿ ಮೇಲೆ ಕೂತ ಧೂಳನ್ನು ಒಣಬಟ್ಟೆ ಒಂದೇ ಸಲಕ್ಕೆ ಎತ್ತಿಬಿಡುತ್ತದೆ. ಅದೇ ಧೂಳು ಒಲೆಯ ಮೇಲಿನ ಹಲಗೆಯಲ್ಲಿ ತಿಂಗಳು ಕೂತರೆ ಒರೆಸಲು ಹೋದ ಬಟ್ಟೆಯೇ ಅಂಟಿಕೊಳ್ಳುತ್ತದೆ. ತೆರೆದ ಶೆಲ್ಫ್ ಒಳ್ಳೆಯದೋ, ಬಾಗಿಲಿರುವ ಕ್ಯಾಬಿನೆಟ್ ಒಳ್ಳೆಯದೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಅಂಟಿನಲ್ಲೇ ಇದೆ.

ಕಾದ ಎಣ್ಣೆಗೆ ಸಾಸಿವೆ, ಕರಿಬೇವು ಬಿದ್ದಾಗ ಕೇಳುವ ಚಟಪಟದ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಹನಿಗಳೂ ಗಾಳಿಗೇರುತ್ತವೆ. ಬಿಸಿಗಾಳಿಯ ಜೊತೆ ಮೇಲಕ್ಕೆ ಹೋಗಿ, ತಣ್ಣಗಿರುವ ಹಲಗೆ, ಡಬ್ಬಿ, ಫ್ಯಾನಿನ ರೆಕ್ಕೆಗಳ ಮೇಲೆ ತೆಳ್ಳಗೆ ಕೂರುತ್ತವೆ. ಕಿಟಕಿಯಿಂದ ಬಂದ ರಸ್ತೆಯ ಧೂಳು, ಬಟ್ಟೆಯ ನೂಲು, ಹಿಟ್ಟಿನ ಪುಡಿ ಅದರ ಮೇಲೆ ಬಿದ್ದರೆ ಮತ್ತೆ ಏಳುವುದಿಲ್ಲ. ದಿನ ಕಳೆದಂತೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ, ಕೊನೆಗೆ ಹಳದಿ ಮೇಣದಂತಾಗುತ್ತದೆ. ಈ ವಿಷಯದಲ್ಲಿ ಎಲ್ಲ ಎಣ್ಣೆಯೂ ಒಂದೇ ಅಲ್ಲ: ಸೂರ್ಯಕಾಂತಿ ಎಣ್ಣೆ ಹೀಗೆ ಬೇಗ ಬಿಗಿಯುತ್ತದೆ, ಕೊಬ್ಬರಿ ಎಣ್ಣೆ ಬಹಳ ನಿಧಾನ.

ಹೊಸದಾಗಿ ಕೂತ ಜಿಡ್ಡು ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿಗೆ ಬಿಡುತ್ತದೆ. ತಿಂಗಳುಗಟ್ಟಲೆ ಬಿಟ್ಟದ್ದಕ್ಕೆ ಉಜ್ಜಲೇಬೇಕು.

ಹಾಗಾದರೆ ಬಾಗಿಲಿಲ್ಲದ ಹಲಗೆಯ ಮೇಲೆ ಲೋಟ ತಟ್ಟೆ ಜೋಡಿಸಿಟ್ಟ ಹಳೆಯ ಅಡುಗೆಮನೆಗಳು ಹೇಗೆ ನಡೆದವು? ಅಲ್ಲಿಟ್ಟ ಪಾತ್ರೆ ದಿನಾ ಕೆಳಗಿಳಿದು, ಬಳಕೆಯಾಗಿ, ತೊಳೆಸಿಕೊಂಡು ವಾಪಸು ಹೋಗುತ್ತಿತ್ತು. ಜಿಡ್ಡು ಕೂರುವ ವೇಗಕ್ಕಿಂತ ಪಾತ್ರೆ ತಿರುಗುವ ವೇಗ ಹೆಚ್ಚಾಗಿದ್ದರೆ ಬಾಗಿಲಿನ ಅಗತ್ಯವಿಲ್ಲ. ಹಬ್ಬಕ್ಕೊಮ್ಮೆ ಇಳಿಯುವ ಒಬ್ಬಟ್ಟಿನ ತವೆ, ಚಕ್ಕುಲಿ ಒರಳು, ಅತಿಥಿಗಳ ಪಿಂಗಾಣಿ ಕಪ್ಪುಗಳಿಗೆ ಈ ಲೆಕ್ಕ ನಡೆಯದು. ಒಳಾಂಗಣ ವಿನ್ಯಾಸದ ಫೋಟೋಗಳಲ್ಲಿ ತೆರೆದ ಶೆಲ್ಫಿನ ಮೇಲೆ ಮೆರೆಯುವುದು ಹೆಚ್ಚಾಗಿ ಇಂಥ ಅಪರೂಪದ ಪಾತ್ರೆಗಳೇ ಎಂಬುದು ಬೇರೆ ಮಾತು.

ಬಡಗಿಯನ್ನು ಕರೆಸುವ ಮೊದಲು ಸುಲಭದ ಪರೀಕ್ಷೆಯೊಂದಿದೆ. ತೊಳೆದು ಒಣಗಿಸಿದ ಎರಡು ಸ್ಟೀಲ್ ತಟ್ಟೆಗಳಲ್ಲಿ ಒಂದನ್ನು ಒಲೆಯ ಪಕ್ಕದ ಗೋಡೆಯ ಎತ್ತರದಲ್ಲೂ ಇನ್ನೊಂದನ್ನು ಎದುರು ಗೋಡೆಯಲ್ಲೂ ಹದಿನೈದು ದಿನ ಇಡಬೇಕು. ಎಂದಿನ ಅಡುಗೆ ನಡೆಯಲಿ. ಆಮೇಲೆ ಬೆರಳಾಡಿಸಿದರೆ ಧೂಳು ಪುಡಿಯಾಗಿ ಬಂದರೆ ಅದು ಕಿಟಕಿಯ ಕೊಡುಗೆ. ಬೆರಳು ತಡೆದು ತಡೆದು ಸರಿದರೆ ಎಣ್ಣೆ ಅಲ್ಲಿಯವರೆಗೂ ತಲುಪುತ್ತಿದೆ.

ಬೆಂಗಳೂರಿನ ಮುಖ್ಯರಸ್ತೆಯ ಬದಿಯ ಫ್ಲ್ಯಾಟೊಂದನ್ನು ಊಹಿಸಿಕೊಳ್ಳೋಣ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಅಡುಗೆಮನೆ, ನಾಲ್ಕು ಜನ, ದಿನಕ್ಕೆರಡು ಒಗ್ಗರಣೆ, ವಾರಕ್ಕೊಮ್ಮೆ ಪೂರಿಯೋ ಬೋಂಡವೋ. ಒಲೆಯ ಪಕ್ಕದ ತಟ್ಟೆ ಅಂಟುತ್ತಿದೆ, ಎದುರಿನದು ಬರೀ ಧೂಳಾಗಿದೆ. ಇಂಥಲ್ಲಿ ಒಲೆಯ ಗೋಡೆಗೆ ಪೂರ್ತಿ ಬಾಗಿಲು ಬೇಕು. ಅದನ್ನು ತಾರಸಿಗೆ ತಾಗುವವರೆಗೂ ಒಯ್ಯುವುದು ಮೇಲು. ನಡುವೆ ಒಂದಡಿ ಖಾಲಿ ಬಿಟ್ಟರೆ ಮನೆಯಲ್ಲೇ ಅತಿ ಹೆಚ್ಚು ಜಿಡ್ಡುಧೂಳು ಸೇರುವುದು ಕ್ಯಾಬಿನೆಟ್ಟಿನ ಆ ನೆತ್ತಿಯ ಮೇಲೆ. ಎದುರು ಗೋಡೆಗೆ ಕೈಗೆಟಕುವ ಎತ್ತರದಲ್ಲಿ ಎರಡೇ ಎರಡು ತೆರೆದ ಹಲಗೆ ಸಾಕು: ದಿನದ ತಟ್ಟೆ, ಲೋಟ, ಕಾಫಿ ಕಪ್ಪು. ಮೂರನೆಯದನ್ನು ಹಾಕಿಸಿದರೆ ಅದು ಬಳಸದ ವಸ್ತುಗಳ ಮ್ಯೂಸಿಯಂ ಆಗುತ್ತದೆ.

ಬ್ಯಾಡಗಿ ಮೆಣಸಿನಪುಡಿ, ಅರಿಸಿನಪುಡಿಗಳ ಗಾಜಿನ ಡಬ್ಬಿಗಳು ತೆರೆದ ಹಲಗೆಯಲ್ಲಿ ಚಂದ ಕಾಣುತ್ತವೆ, ನಿಜ. ಆದರೆ ಬೆಳಕಿಗೆ ಎರಡರ ಬಣ್ಣವೂ ಮಾಸುತ್ತದೆ. ಅವುಗಳ ಜಾಗ ಬಾಗಿಲಿನ ಹಿಂದೆಯೇ.

ಚಿಮಣಿ ಇದ್ದರೆ ಈ ಚಿಂತೆಯೇ ಇಲ್ಲ ಎನ್ನುವವರಿದ್ದಾರೆ. ಪೈಪಿನ ಮೂಲಕ ಹೊರಗೆ ಗಾಳಿ ಬಿಡುವ ಚಿಮಣಿ ಖಂಡಿತ ದೊಡ್ಡ ಸಹಾಯ, ಆದರೆ ಮುಂದಿನ ಬರ್ನರ್‌ನ ಹೊಗೆಗಿಂತ ಹಿಂದಿನ ಬರ್ನರ್‌ನದೇ ಅದಕ್ಕೆ ಚೆನ್ನಾಗಿ ಸಿಗುತ್ತದೆ. ಒಗ್ಗರಣೆಯನ್ನು, ಕರಿಯುವುದನ್ನು ಹಿಂದಿನ ಬರ್ನರ್‌ಗೆ ಸರಿಸಿದರೆ ಹಲಗೆಗಳಿಗೆ ಉಸಿರಾಡಲು ಬಿಟ್ಟಂತೆ. ಜಾಲರಿ ತೊಳೆಯದ ಚಿಮಣಿಗೆ ಸದ್ದೇ ಜಾಸ್ತಿ.

ಕರಾವಳಿ, ಮಲೆನಾಡಿನಲ್ಲಿ ಲೆಕ್ಕ ಸ್ವಲ್ಪ ತಿರುಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಧೂಳು ಕಡಿಮೆ, ತೇವ ಹೆಚ್ಚು. ಹಸಿ ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ, ಮರದ ಮೇಲೆ ಬೂಷ್ಟು ಕಾಣಿಸುತ್ತದೆ, ಕತ್ತಲು ಮತ್ತು ತೇವ ಒಟ್ಟಿಗೆ ಸಿಕ್ಕ ಜಿರಲೆಗಳಿಗೆ ಮನೆ ಮಾಡಿಕೊಟ್ಟಂತಾಗುತ್ತದೆ. ಅಗ್ಗದ ಪಾರ್ಟಿಕಲ್ ಬೋರ್ಡ್ ಆದರೆ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಅಲ್ಲಿ ಗೋಡೆಗೆ ಹಾಕುವ ಸ್ಟೀಲ್ ಸ್ಟ್ಯಾಂಡೇ ಎಷ್ಟೋ ವಾಸಿ. ಕ್ಯಾಬಿನೆಟ್ ಬೇಕೇ ಬೇಕೆಂದರೆ ಬಾಗಿಲಲ್ಲಿ ಗಾಳಿಯಾಡುವ ಸಂದು ಇರಬೇಕು, ಸಿಂಕಿನ ಕೆಳಗಂತೂ ಕಡ್ಡಾಯ.

ಕ್ಯಾಬಿನೆಟ್ ಈಗಾಗಲೇ ಇದ್ದು ತೆರೆದ ಶೆಲ್ಫಿನ ಆಸೆ ಹುಟ್ಟಿದವರು ಏನನ್ನೂ ಒಡೆಸಬೇಕಿಲ್ಲ. ಒಂದು ಜೋಡಿ ಬಾಗಿಲನ್ನು ಕೀಲಿನಿಂದ ಬಿಚ್ಚಿ, ಸ್ಕ್ರೂಗಳನ್ನು ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೇರಿಸಿ, ಎರಡು ತಿಂಗಳು ಅಡುಗೆ ಮಾಡಿ ನೋಡಬಹುದು. ಒರೆಸುವ ಕೆಲಸ ಬೇಸರ ತಂದರೆ ಅದೇ ತೂತುಗಳಿಗೆ ಬಾಗಿಲು ವಾಪಸು ಕೂರುತ್ತದೆ.