ಕರೆಂಟಿನ ಮಿಡಿತ ಎಣಿಸುವ ಟೈಮರ್

ನಮ್ಮ ದೇಶದ ವಿದ್ಯುತ್ ಜಾಲದ ಆವರ್ತನ 50 ಹರ್ಟ್ಸ್ ಎಂದು ಶಾಲೆಯಲ್ಲೇ ಓದಿರುತ್ತೇವೆ. ನಿಜದಲ್ಲಿ ಅದು ಕ್ಷಣಕ್ಷಣಕ್ಕೂ ಅಲುಗಾಡುತ್ತಿರುತ್ತದೆ. 49.90ರಿಂದ 50.05ರೊಳಗೆ ಇರಬೇಕೆಂಬುದು ನಿಯಮ. ಈ ಅಲುಗಾಟವನ್ನು ಆರ್ಡುಯಿನೊ ಊನೊದಂಥ ಅಗ್ಗದ ಬೋರ್ಡಿನಲ್ಲೇ ಅಳೆಯಬಹುದು. ಚಿಕ್ಕ ಟ್ರಾನ್ಸ್‌ಫಾರ್ಮರ್‌ನಿಂದ 230 ವೋಲ್ಟನ್ನು 9 ವೋಲ್ಟಿಗೆ ಇಳಿಸಿ, ಆಪ್ಟೊಕಪ್ಲರ್ ದಾಟಿಸಿ, ಸುತ್ತಿಗೊಂದರಂತೆ ಏರಿಳಿಯುವ 5 ವೋಲ್ಟಿನ ಪಲ್ಸ್ ಮಾಡಿಕೊಂಡರಾಯಿತು. ಗೋಡೆಯ ಸಾಕೆಟ್ಟಿನಿಂದ ನೇರವಾಗಿ ತಂತಿ ಎಳೆಯುವ ಸಾಹಸ ಮಾತ್ರ ಯಾರೂ ಮಾಡಬಾರದು.

ಕಷ್ಟ ಇರುವುದು ಸಮಯದಲ್ಲಿ. 50 ಹರ್ಟ್ಸ್ ಎಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. 49.90ಕ್ಕೂ 50.05ಕ್ಕೂ ನಡುವೆ ಸುತ್ತಿನ ಅವಧಿಯಲ್ಲಿ ಬರುವ ವ್ಯತ್ಯಾಸ ಬರೀ 60 ಮೈಕ್ರೊಸೆಕೆಂಡ್. ಹೊಸಬರು ಸಾಮಾನ್ಯವಾಗಿ ಲೂಪ್ ಬರೆದು, `digitalRead()`ನಿಂದ ಪಿನ್ ನೋಡುತ್ತ, ಅದು ಏರಿದ ಕೂಡಲೇ `micros()` ಕೇಳುತ್ತಾರೆ. ಯಾರೋ ಬರುತ್ತಾರೆಂದು ಮತ್ತೆ ಮತ್ತೆ ಬಾಗಿಲಿಗೆ ಹೋಗಿ ಇಣುಕಿದ ಹಾಗೆ ಇದು: ಬಂದದ್ದು ತಿಳಿಯುತ್ತದೆ, ಬಂದ ಗಳಿಗೆ ತಿಳಿಯುವುದಿಲ್ಲ. ಒಂದು ಇಣುಕಿಗೂ ಇನ್ನೊಂದಕ್ಕೂ ನಡುವೆ ಕೆಲವು ಮೈಕ್ರೊಸೆಕೆಂಡ್ ಕಳೆದಿರುತ್ತದೆ. ಊನೊದಲ್ಲಿ `micros()` ಹೆಜ್ಜೆ ಹಾಕುವುದೇ 4 ಮೈಕ್ರೊಸೆಕೆಂಡಿಗೊಮ್ಮೆ. ನಡುವೆ ಬೇರೆ ಇಂಟರಪ್ಟ್ ಬಂದರೆ ಮತ್ತಷ್ಟು ತಡ. ಒಟ್ಟು ಪಟ್ಟಿಯೇ 60 ಮೈಕ್ರೊಸೆಕೆಂಡ್ ಇರುವಾಗ ಹತ್ತು ಹನ್ನೆರಡರ ತಪ್ಪು ಸಣ್ಣದಲ್ಲ. ಮೇಲಾಗಿ ಇಣುಕುವ ಹೊತ್ತೆಲ್ಲ ಪ್ರೊಸೆಸರ್‌ಗೆ ಬೇರೆ ಕೆಲಸ ಮಾಡಲಾಗದು.

ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನ ಟೈಮರ್-1ಕ್ಕೆ ಇನ್‌ಪುಟ್ ಕ್ಯಾಪ್ಚರ್ ಎಂಬ ಸೌಲಭ್ಯವಿದೆ. ಟೈಮರ್ ತನ್ನ ಪಾಡಿಗೆ 0ಯಿಂದ 65535ರವರೆಗೆ ಎಣಿಸಿ ಮತ್ತೆ 0ಗೆ ಬರುತ್ತಿರುತ್ತದೆ. ಬೋರ್ಡಿನ 8ನೇ ಪಿನ್ನಿನಲ್ಲಿ ಸಂಕೇತ ಏರಿದ ಕ್ಷಣ, ಆಗಿನ ಎಣಿಕೆಯನ್ನು ಹಾರ್ಡ್‌ವೇರೇ `ICR1` ರಿಜಿಸ್ಟರಿಗೆ ನಕಲು ಮಾಡಿಬಿಡುತ್ತದೆ. ಪ್ರೋಗ್ರಾಂ ತುಸು ತಡವಾಗಿ ಬಂದು ಓದಿದರೂ ಅಂಕಿ ಬದಲಾಗುವುದಿಲ್ಲ. ಮುಂದಿನ ಅಂಚು ಬರುವುದರೊಳಗೆ ಓದಿಕೊಂಡರೆ ಸಾಕು.

```c
volatile uint16_t last, period;

ISR(TIMER1_CAPT_vect) {
  uint16_t t = ICR1;
  period = t - last;
  last = t;
}

void setup() {
  TCCR1A = 0;
  TCCR1B = (1<<ICNC1)|(1<<ICES1)|(1<<CS11);
  TIMSK1 = (1<<ICIE1);
}
```

16 ಮೆಗಾಹರ್ಟ್ಸ್ ಗಡಿಯಾರವನ್ನು `CS11` ಎಂಟರಿಂದ ಭಾಗಿಸುವುದರಿಂದ ಒಂದೊಂದು ಎಣಿಕೆಗೆ ಅರ್ಧ ಮೈಕ್ರೊಸೆಕೆಂಡ್. ಒಂದು ಅಂಚು 61200ರಲ್ಲಿ, ಮುಂದಿನದು 35724ರಲ್ಲಿ ಸಿಕ್ಕಿತೆನ್ನಿ. ಎರಡನೆಯದು ಚಿಕ್ಕದಾಯಿತೆಂದು ಗಾಬರಿ ಬೇಡ. ನಡುವೆ ಟೈಮರ್ ಒಮ್ಮೆ ಸುತ್ತು ಮುಗಿಸಿದೆ, ಅಷ್ಟೆ. ಚಿಹ್ನೆಯಿಲ್ಲದ 16 ಬಿಟ್ಟಿನ ವ್ಯವಕಲನ ತಾನಾಗಿಯೇ 40060 ಕೊಡುತ್ತದೆ. 20 ಲಕ್ಷವನ್ನು ಅದರಿಂದ ಭಾಗಿಸಿದರೆ 49.925 ಹರ್ಟ್ಸ್. ಅದೇ `period` ಅನ್ನು `int` ಎಂದು ಬರೆದಿದ್ದರೆ ಪರದೆಯ ಮೇಲೆ -25476 ಕಾಣುತ್ತಿತ್ತು.

ಆವರ್ತನ ನಡುವೆ ಇದ್ದಕ್ಕಿದ್ದಂತೆ ಸಾವಿರಗಟ್ಟಲೆಗೆ ಹಾರಿದರೆ ದೋಷ ಜಾಲದ್ದಲ್ಲ. ಆಪ್ಟೊಕಪ್ಲರಿನ ಅಂಚು ನಿಧಾನವಾಗಿ ಏರುವುದರಿಂದ ಸಣ್ಣ ಗದ್ದಲವೂ ಒಂದು ಅಂಚನ್ನು ಮೂರಾಗಿ ತೋರಿಸುತ್ತದೆ. `ICNC1` ಎಂಬ ಗದ್ದಲ ತಡೆ ನಾಲ್ಕು ಗಡಿಯಾರದ ಹೆಜ್ಜೆ, ಅಂದರೆ ಕಾಲು ಮೈಕ್ರೊಸೆಕೆಂಡ್ ಮಾತ್ರ ಕಾಯುತ್ತದೆ. ಇಲ್ಲಿ ಅದು ಸಾಲದು. ನಡುವೆ ಶ್ಮಿಟ್ ಟ್ರಿಗರ್ ಹಾಕಬೇಕು.

ಪಲ್ಸಿನ ಅಗಲ ಬೇಕಾದರೆ ಏರುವ ಅಂಚು ಹಿಡಿದೊಡನೆ `ICES1` ತಿರುಗಿಸಿ ಇಳಿಯುವ ಅಂಚಿಗೆ ಕಾಯಬೇಕು. ತಿರುಗಿಸಿದ ಮೇಲೆ `TIFR1 = (1<<ICF1);` ಬರೆದು ಹಳೆಯ ಗುರುತನ್ನೂ ಅಳಿಸಬೇಕು. ನೀರಿನ ಟ್ಯಾಂಕಿಗೆ ಹಾಕುವ ಅಲ್ಟ್ರಾಸಾನಿಕ್ ಸೆನ್ಸರ್ ಸೆಂಟಿಮೀಟರಿಗೆ 58 ಮೈಕ್ರೊಸೆಕೆಂಡಿನಷ್ಟು ಅಗಲದ ಪಲ್ಸ್ ಕೊಡುತ್ತದೆ. ಪ್ರತಿಧ್ವನಿಯೇ ಬಾರದಿದ್ದರೆ ಕೆಲವು ಸೆನ್ಸರುಗಳ ಪಲ್ಸ್ ಸುಮಾರು 38 ಮಿಲಿಸೆಕೆಂಡ್ ಉದ್ದವಾಗುತ್ತದೆ. ಟೈಮರಿನ ಒಂದು ಸುತ್ತೋ 32.768 ಮಿಲಿಸೆಕೆಂಡಿಗೇ ಮುಗಿಯುತ್ತದೆ. ಪರಿಣಾಮ, ಎದುರಿಗೆ ಏನೂ ಇಲ್ಲದಿದ್ದರೂ 90 ಸೆಂಟಿಮೀಟರ್ ದೂರದಲ್ಲಿ ಗೋಡೆ ಇದ್ದಂತೆ ಉತ್ತರ ಬರುತ್ತದೆ. ಒಂದು ಸುತ್ತಿಗಿಂತ ಉದ್ದದ್ದೇನೇ ಇರಲಿ, ಟೈಮರ್ ಎಷ್ಟು ಸಲ ಸುತ್ತಿತೆಂದು ಓವರ್‌ಫ್ಲೋ ಇಂಟರಪ್ಟಿನಲ್ಲಿ ಲೆಕ್ಕ ಇಡಲೇಬೇಕು.

ವೇಗದ ಸಂಕೇತಗಳಿಗೆ ಈ ದಾರಿಯಲ್ಲ. 100 ಕಿಲೊಹರ್ಟ್ಸಿನಲ್ಲಿ ಒಂದು ಸುತ್ತಿಗೆ 20 ಎಣಿಕೆ, ಒಂದು ಎಣಿಕೆ ತಪ್ಪಿದರೂ ಶೇ. 5 ಹೋಯಿತು. ಅಲ್ಲಿ ಒಂದು ಸೆಕೆಂಡಿನಲ್ಲಿ ಎಷ್ಟು ಪಲ್ಸ್ ಬಂದವೆಂದು ಎಣಿಸುವುದೇ ಸರಿ.

ಕ್ಯಾಪ್ಚರಿನಿಂದ ವಾಸಿಯಾಗದ ಕಾಯಿಲೆ ಇನ್ನೊಂದಿದೆ. ಊನೊದ ಮುಖ್ಯ ಚಿಪ್ಪಿನ ಗಡಿಯಾರ ಸ್ಫಟಿಕದ್ದಲ್ಲ, ಸೆರಾಮಿಕ್ ರೆಸೊನೇಟರಿನದು. ಅದು ಶೇ. 0.5ರಷ್ಟು ತಪ್ಪಬಹುದು, ಅಂದರೆ 50 ಹರ್ಟ್ಸಿನಲ್ಲಿ 0.25. ಜಾಲದ ಇಡೀ ಪಟ್ಟಿಗಿಂತ ಈ ತಪ್ಪೇ ದೊಡ್ಡದು. ಮೂರು ದಶಮಾಂಶ ಸ್ಥಿರವಾಗಿ ಕಂಡರೂ ಮೊದಲನೆಯದನ್ನೇ ನಂಬುವಂತಿಲ್ಲ. ಜಿಪಿಎಸ್ ಮಾಡ್ಯೂಲುಗಳು ಸೆಕೆಂಡಿಗೊಂದು ನಿಖರ ಪಲ್ಸ್ ಕೊಡುತ್ತವೆ. ಅದನ್ನು ಅದೇ 8ನೇ ಪಿನ್ನಿಗೆ ಜೋಡಿಸಿ, ಸುತ್ತುಗಳನ್ನೂ ಸೇರಿಸಿ ಎಣಿಸಿದಾಗ 20,00,000 ಬರಬೇಕು. 20,04,000 ಬಂದರೆ ಆ ಬೋರ್ಡಿನ ಗಡಿಯಾರ ಶೇ. 0.2 ಮುಂದೆ ಓಡುತ್ತಿದೆ. ಆಮೇಲೆ 40060ರಿಂದ ಭಾಗಿಸಬೇಕಾದದ್ದು ಈ ಹೊಸ ಸಂಖ್ಯೆಯನ್ನು, ಉತ್ತರ 50.025 ಹರ್ಟ್ಸ್.